ತೆರಿಗೆ ಸೇರಿದ ಮೊತ್ತದಿಂದ ಮೂಲ ಬೆಲೆ ಕಂಡುಹಿಡಿಯುವುದು: ಕಳೆಯಬೇಡಿ, ಭಾಗಿಸಿ

ಕೈಯಲ್ಲೊಂದು ಬಿಲ್ ಇದೆ. ಕೆಳಗಡೆ ಒಂದೇ ಸಾಲು: ಒಟ್ಟು 2,499, ತೆರಿಗೆ ಸೇರಿ. ತೆರಿಗೆಯ ದರ ಶೇ. 18 ಎಂದು ಗೊತ್ತಿದೆ. ತೆರಿಗೆ ಹಾಕುವ ಮೊದಲು ಬೆಲೆ ಎಷ್ಟಿತ್ತು? ಹತ್ತು ಜನರನ್ನು ಕೇಳಿದರೆ ಹೆಚ್ಚಿನವರ ಕೈ ಕ್ಯಾಲ್ಕುಲೇಟರಿನ ಶೇಕಡಾ ಗುಂಡಿಯ ಕಡೆಗೆ ಹೋಗುತ್ತದೆ. 2,499ರಲ್ಲಿ ಶೇ. 18 ಎಂದರೆ 449.82, ಅದನ್ನು ಕಳೆದರೆ 2,049.18. ಉತ್ತರ ಸಿಕ್ಕಿತು ಎಂದು ಬರೆದುಕೊಳ್ಳುತ್ತಾರೆ.

ಆ ಉತ್ತರ ತಪ್ಪು. ಎಷ್ಟು ತಪ್ಪು ಎಂದು ನೋಡಲು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರೆ ಸಾಕು. 2,049.18ಕ್ಕೆ ಶೇ. 18 ತೆರಿಗೆ ಹಾಕಿ ನೋಡಿ: ಬರುವುದು 2,418.03. ಬಿಲ್ಲಿನಲ್ಲಿರುವುದು 2,499. ನಡುವಿನ 80.97 ಎಲ್ಲಿಗೂ ಹೋಗಿಲ್ಲ, ನಾವೇ ಲೆಕ್ಕದಲ್ಲಿ ಕಳೆದುಕೊಂಡಿದ್ದೇವೆ.

ಈ ಲೆಕ್ಕ ಯಾವ ನಾಣ್ಯದಲ್ಲಾದರೂ ಒಂದೇ ಆಗಿರುವುದರಿಂದ ಅಂಕೆಗಳ ಮುಂದೆ ನಾಣ್ಯದ ಹೆಸರು ಹಾಕಿಲ್ಲ. ಶೇ. 18 ಎಂಬುದೂ ಉದಾಹರಣೆಗೆ ಹಿಡಿದ ದರ ಮಾತ್ರ.

ತಪ್ಪು ಎಲ್ಲಿ ಹೊಕ್ಕಿತು

ಶೇಕಡಾ ಎಂದಾಗ "ಯಾವುದರ ಶೇಕಡಾ?" ಎಂದು ಕೇಳಿಕೊಳ್ಳಬೇಕು. ತೆರಿಗೆ ಹಾಕುವಾಗ ಶೇ. 18ನ್ನು ಲೆಕ್ಕ ಹಾಕಿದ್ದು ಮೂಲ ಬೆಲೆಯ ಮೇಲೆ. ನಾವು ಕಳೆಯುವಾಗ ಶೇ. 18ನ್ನು ತೆಗೆದದ್ದು ಒಟ್ಟು ಮೊತ್ತದಿಂದ. ಒಟ್ಟು ಮೊತ್ತ ಮೂಲ ಬೆಲೆಗಿಂತ ದೊಡ್ಡದು, ಆದ್ದರಿಂದ ಅದರ ಶೇ. 18 ಕೂಡ ದೊಡ್ಡದು. ಹಾಕಿದ್ದಕ್ಕಿಂತ ಹೆಚ್ಚು ತೆಗೆದಿದ್ದೇವೆ.

ಮೂಲ ಬೆಲೆಯನ್ನು 100 ಪಾಲು ಎಂದುಕೊಳ್ಳಿ. ಅದಕ್ಕೆ 18 ಪಾಲು ತೆರಿಗೆ ಸೇರಿತು. ಈಗ ಬಿಲ್ಲಿನ ಒಟ್ಟು ಮೊತ್ತದಲ್ಲಿ ಇರುವುದು 118 ಪಾಲು. ಅದರಲ್ಲಿ 100 ಪಾಲು ಬೆಲೆಯದು, 18 ಪಾಲು ತೆರಿಗೆಯದು. 2,499 ಎಂಬುದು 118 ಪಾಲಿನ ಗಂಟು. ಒಂದು ಪಾಲು ಎಷ್ಟೆಂದು ತಿಳಿಯಲು 118ರಿಂದ ಭಾಗಿಸಬೇಕು, ಅಂಥ ನೂರು ಪಾಲು ಬೇಕಿರುವುದರಿಂದ ನೂರರಿಂದ ಗುಣಿಸಬೇಕು. ಎರಡನ್ನೂ ಒಂದೇ ಹೆಜ್ಜೆಯಲ್ಲಿ ಮಾಡಿದರೆ 1.18ರಿಂದ ಭಾಗಿಸಿದಂತಾಯಿತು. ಇಡೀ ವಿಷಯ ಇಷ್ಟೇ:

```
ಮೂಲ ಬೆಲೆ = ಒಟ್ಟು ಮೊತ್ತ ÷ (1 + ದರ ÷ 100)
ತೆರಿಗೆ = ಒಟ್ಟು ಮೊತ್ತ − ಮೂಲ ಬೆಲೆ
```

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು. ಕಳೆಯುವ ದಾರಿ ಹಿಡಿದವರು ಮೂಲ ಬೆಲೆಯನ್ನು ಎಷ್ಟು ಕಡಿಮೆ ತೋರಿಸುತ್ತಾರೆ? ನಿಜವಾದ ತೆರಿಗೆಯ ಮೇಲೆ ಇನ್ನೊಮ್ಮೆ ತೆರಿಗೆ ಹಾಕಿದರೆ ಎಷ್ಟಾಗುತ್ತದೋ ಅಷ್ಟು. ಎಂದರೆ ತಪ್ಪಿನ ಗಾತ್ರ ದರದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ದರ ಶೇ. 5 ಇದ್ದಾಗ ತಪ್ಪು ಮೂಲ ಬೆಲೆಯ ಶೇ. 0.25 ಮಾತ್ರ, ಶೇ. 10 ಇದ್ದಾಗ ಶೇ. 1, ಶೇ. 20 ಇದ್ದಾಗ ಶೇ. 4. ಸಣ್ಣ ದರದ ಬಿಲ್‌ಗಳ ಮೇಲೆ ಈ ತಪ್ಪು ಅಭ್ಯಾಸ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ನಡೆದು, ದೊಡ್ಡ ದರದ ಒಂದು ಬಿಲ್ ಬಂದ ದಿನ ಬಯಲಾಗುವುದು ಇದರಿಂದಲೇ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನನ್ನ ವಹಿಯಲ್ಲಿ ಆದದ್ದೂ ಹೀಗೆಯೇ. "ಹಿಂದಿನ ತಿಂಗಳೆಲ್ಲ ಸರಿಯಾಗಿಯೇ ಇತ್ತಲ್ಲ" ಎಂದು ವಾದಿಸಿದ್ದೆ. ಸರಿಯಾಗಿರಲಿಲ್ಲ, ಕಾಣುವಷ್ಟು ದೊಡ್ಡದಾಗಿರಲಿಲ್ಲ ಅಷ್ಟೆ.

ಒಂದು ಬಿಲ್, ಮೊದಲಿನಿಂದ ಕೊನೆಯವರೆಗೆ

ಅದೇ 2,499ನ್ನು ಈಗ ಕ್ರಮವಾಗಿ ಬಿಡಿಸೋಣ.

ಮೊದಲ ಹೆಜ್ಜೆ ಭಾಜಕವನ್ನು ಬರೆದುಕೊಳ್ಳುವುದು. ದರ 18, ಅದನ್ನು ನೂರರಿಂದ ಭಾಗಿಸಿದರೆ 0.18, ಒಂದು ಸೇರಿಸಿದರೆ 1.18. ದರ ಶೇ. 5 ಇದ್ದರೆ 1.05 ಎಂಬುದನ್ನು ಗಮನಿಸಿ. ಅವಸರದಲ್ಲಿ 1.5 ಎಂದು ಒತ್ತುವವರು ಬಹಳ ಜನ. ಹಾಗೆ ಒತ್ತಿದರೆ ಶೇ. 50 ತೆರಿಗೆ ಎಂದಾಯಿತು. ಉತ್ತರ ಒಟ್ಟು ಮೊತ್ತದ ಮೂರನೆಯ ಎರಡು ಭಾಗಕ್ಕೆ ಕುಸಿದಿದ್ದರೆ ಮೊದಲು ಈ ಸೊನ್ನೆಯನ್ನು ಹುಡುಕಿ.

ಎರಡನೆಯದು ಭಾಗಾಕಾರ. 2,499 ÷ 1.18 = 2,117.7966… ಮೂರನೆಯದು ಎರಡು ದಶಮಾಂಶಕ್ಕೆ ಸರಿಹೊಂದಿಸುವುದು: 2,117.80. ಭಾಗಾಕಾರ ಪೂರ್ತಿಯಾಗಿ ಮುಗಿದ ಮೇಲೆ ಒಮ್ಮೆ ಮಾತ್ರ ಇದನ್ನು ಮಾಡಬೇಕು, ನಡುವೆ ಮಾಡಬಾರದು. 2,499ನ್ನು 118ರಿಂದ ಭಾಗಿಸಿ, ಬಂದ 21.1779…ನ್ನು 21.18 ಎಂದು ಬರೆದು, ಅದನ್ನು ನೂರರಿಂದ ಗುಣಿಸಿದವರಿಗೆ 2,118.00 ಸಿಗುತ್ತದೆ. ಅಲ್ಲಿ ಸಣ್ಣದಾಗಿದ್ದ ತಪ್ಪು ಇಲ್ಲಿ ನೂರು ಪಟ್ಟಾಯಿತು.

ನಾಲ್ಕನೆಯ ಹೆಜ್ಜೆ ತೆರಿಗೆ. ಅದನ್ನು ಕಳೆದೇ ಕಂಡುಹಿಡಿಯಿರಿ: 2,499 − 2,117.80 = 381.20. ಹೀಗೆ ಮಾಡಿದರೆ ಬೆಲೆ ಮತ್ತು ತೆರಿಗೆ ಕೂಡಿದಾಗ ಬಿಲ್ಲಿನ ಮೊತ್ತವೇ ಬರುತ್ತದೆ, ಚಿಲ್ಲರೆ ವ್ಯತ್ಯಾಸ ಉಳಿಯುವುದಿಲ್ಲ.

ಕೊನೆಯದು ತಾಳೆ ನೋಡುವುದು. 2,117.80ರ ಶೇ. 18 ಎಂದರೆ 381.204, ಎರಡು ದಶಮಾಂಶಕ್ಕೆ 381.20. ತಾಳೆಯಾಯಿತು. ಮೊದಲು ಬಂದಿದ್ದ 449.82ಕ್ಕೂ ಇದಕ್ಕೂ ಇರುವ ಅಂತರ 68.62. ಅದು 381.20ರ ಶೇ. 18 ತಾನೆ? ಹೌದು. ತೆರಿಗೆಯ ಮೇಲಿನ ತೆರಿಗೆ.

ಕ್ಯಾಲ್ಕುಲೇಟರಿನ ವಿಷಯವಾಗಿ ಒಂದು ಮಾತು. ಹೆಚ್ಚಿನ ಸಾಮಾನ್ಯ ಕ್ಯಾಲ್ಕುಲೇಟರುಗಳಲ್ಲಿ 2499 − 18 % ಎಂದು ಒತ್ತಿದರೆ ಅದು ಒಟ್ಟು ಮೊತ್ತದ ಶೇ. 18ನ್ನೇ ಕಳೆಯುತ್ತದೆ. ಯಂತ್ರ ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ, ನಾವು ಕೇಳಿದ ಪ್ರಶ್ನೆಯೇ ಬೇರೆ. ಲೆಕ್ಕಪತ್ರಕ್ಕೆಂದೇ ಮಾಡಿದ ಕೆಲವು ಕ್ಯಾಲ್ಕುಲೇಟರುಗಳಲ್ಲಿ TAX− ಎಂಬ ಗುಂಡಿ ಇರುತ್ತದೆ. ಅದು ಭಾಗಾಕಾರವನ್ನೇ ಮಾಡುತ್ತದೆ, ಆದರೆ ಅದರೊಳಗೆ ಹಿಂದೆ ಯಾರೋ ಇಟ್ಟುಹೋದ ದರ ಕುಳಿತಿರಬಹುದು. 118 ಒತ್ತಿ ಆ ಗುಂಡಿ ಒತ್ತಿ, 100 ಬಂದರೆ ಮಾತ್ರ ಶೇ. 18ಕ್ಕೆ ಅದನ್ನು ನಂಬಿ.

ಬಿಲ್‌ಗಳ ಉದ್ದ ಪಟ್ಟಿ ಇದ್ದರೆ ಸ್ಪ್ರೆಡ್‌ಶೀಟೇ ವಾಸಿ. A ಕಂಬದಲ್ಲಿ ಒಟ್ಟು ಮೊತ್ತ, B ಕಂಬದಲ್ಲಿ ದರ ಇಟ್ಟುಕೊಂಡು, C2 ಮತ್ತು D2 ಕೋಶಗಳಲ್ಲಿ ಕ್ರಮವಾಗಿ ಇವನ್ನು ಬರೆಯಿರಿ:

```
=ROUND(A2/(1+B2),2)
=ROUND(A2-C2,2)
```

B2ರಲ್ಲಿ 18% ಎಂದೋ 0.18 ಎಂದೋ ಇರಬೇಕು. ಬರಿಯ 18 ಇದ್ದರೆ ಸೂತ್ರ 19ರಿಂದ ಭಾಗಿಸುತ್ತದೆ, ಬೆಲೆ 131.53 ಎಂದು ಬರುತ್ತದೆ. ಇಷ್ಟು ದೊಡ್ಡ ತಪ್ಪು ಒಂದು ರೀತಿಯಲ್ಲಿ ಉಪಕಾರವೇ, ಕಣ್ಣಿಗೆ ಹೊಡೆಯುತ್ತದೆ. ROUND ಬಿಟ್ಟು, ಕೋಶದ ನೋಟವನ್ನು ಮಾತ್ರ ಎರಡು ದಶಮಾಂಶಕ್ಕೆ ಹೊಂದಿಸಿದಾಗ ಬರುವ ತಪ್ಪು ಹೆಚ್ಚು ಕಪಟಿ. ಕಾಣುವ ಅಂಕೆಗಳನ್ನು ಕೈಯಲ್ಲಿ ಕೂಡಿದರೆ ಒಂದು ಮೊತ್ತ, ಕೆಳಗಿನ ಸಾಲಿನಲ್ಲಿ ಇನ್ನೊಂದು.

ಕ್ಯಾಲ್ಕುಲೇಟರ್ ಇಲ್ಲದಾಗ ಬಾಯಿಲೆಕ್ಕಕ್ಕೂ ದಾರಿಯಿದೆ. ಒಟ್ಟು ಮೊತ್ತದಲ್ಲಿ ತೆರಿಗೆಯ ಪಾಲು 118ರಲ್ಲಿ 18, ಅಂದರೆ ಸುಮಾರು ಶೇ. 15.25. 2,499ರ ಶೇ. 10 ಎಂದರೆ ಸುಮಾರು 250, ಅದರ ಅರ್ಧ 125, ಮೇಲೆ ಕಾಲು ಶೇಕಡಾ ಸುಮಾರು 6. ಒಟ್ಟು 381. ನಿಜವಾದ ಉತ್ತರಕ್ಕೆ ಕೂದಲೆಳೆಯಷ್ಟು ದೂರ. ಕೆಲವು ದರಗಳಿಗೆ ಈ ಪಾಲು ಇನ್ನೂ ಸಲೀಸು: ಶೇ. 25 ದರಕ್ಕೆ ಐದರಲ್ಲಿ ಒಂದು ಪಾಲು, ಶೇ. 20ಕ್ಕೆ ಆರರಲ್ಲಿ ಒಂದು, ಶೇ. 10ಕ್ಕೆ ಹನ್ನೊಂದರಲ್ಲಿ ಒಂದು, ಶೇ. 5ಕ್ಕೆ ಇಪ್ಪತ್ತೊಂದರಲ್ಲಿ ಒಂದು.

ತಾಳೆಯಾಗದ ಮೊತ್ತಗಳು

ಈಗ ಒಟ್ಟು ಮೊತ್ತ ಸರಿಯಾಗಿ 100.00, ದರ ಶೇ. 18 ಎಂದಿಟ್ಟುಕೊಳ್ಳಿ. ಭಾಗಿಸಿದರೆ 84.7457…, ಅಂದರೆ 84.75. ಕಳೆದರೆ ತೆರಿಗೆ 15.25. ತಾಳೆ ನೋಡೋಣ: 84.75ರ ಶೇ. 18 ಎಂದರೆ 15.255. ಅರ್ಧವನ್ನು ಮೇಲಕ್ಕೆ ಏರಿಸುವ ರೂಢಿಯಂತೆ ಅದು 15.26, ಒಟ್ಟು 100.01. ಹಾಗಾದರೆ ಮೂಲ ಬೆಲೆ 84.74 ಇರಬಹುದೇ? ಅದರ ತೆರಿಗೆ 15.2532, ಎಂದರೆ 15.25, ಒಟ್ಟು 99.99. ಒಂದು ಕಡೆ 99.99, ಇನ್ನೊಂದು ಕಡೆ 100.01, ನಡುವಿನ 100.00ಕ್ಕೆ ಯಾವ ಮೂಲ ಬೆಲೆಯೂ ಇಲ್ಲ!

ಇದನ್ನು ಮೊದಲ ಸಲ ಕಂಡವರು ತಮ್ಮ ಲೆಕ್ಕವನ್ನೇ ಶಂಕಿಸಿ ಅರ್ಧ ಗಂಟೆ ಕಳೆಯುತ್ತಾರೆ. ಲೆಕ್ಕದ ದೋಷವಲ್ಲ. ಎರಡು ದಶಮಾಂಶದ ಮೂಲ ಬೆಲೆಗಳು ಒಂದೊಂದಾಗಿ ಏರುತ್ತ ನೂರು ಮೆಟ್ಟಿಲು ಹತ್ತುವಷ್ಟರಲ್ಲಿ ಒಟ್ಟು ಮೊತ್ತ 118 ಮೆಟ್ಟಿಲು ಹತ್ತಿರುತ್ತದೆ. ನೂರು ಬೆಲೆಗಳಿಂದ ಹುಟ್ಟುವುದು ನೂರೇ ಮೊತ್ತಗಳು. ಆದ್ದರಿಂದ ಪ್ರತಿ 118 ಮೊತ್ತಗಳಲ್ಲಿ 18 ಮೊತ್ತಗಳಿಗೆ ಸರಿಯಾಗಿ ಕೂರುವ ಮೂಲ ಬೆಲೆ ಇರಲು ಸಾಧ್ಯವೇ ಇಲ್ಲ.

ಇದರಿಂದ ಎರಡು ಪ್ರಯೋಜನ. ತಾಳೆ ನೋಡುವಾಗ 0.01 ವ್ಯತ್ಯಾಸ ಬಂದರೆ ಕೈಬಿಡಿ, ಕಳೆದು ಬಂದ ತೆರಿಗೆಯನ್ನೇ ಬರೆಯಿರಿ. ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ದರವೋ ಬಿಲ್ಲಿನ ರಚನೆಯೋ ಬೇರೆ ಇದೆ ಎಂದು ತಿಳಿಯಿರಿ. ಇನ್ನೊಂದು ಪತ್ತೇದಾರಿಯ ಸುಳಿವು: ಯಾವ ಮೂಲ ಬೆಲೆಯಿಂದಲೂ ಹುಟ್ಟದ ಮೊತ್ತ ಬಿಲ್ಲಿನಲ್ಲಿದ್ದರೆ, ಮಾರಿದವರು ಬೆಲೆಗೆ ತೆರಿಗೆ ಕೂಡಿಸಿ ಅಲ್ಲಿಗೆ ಬಂದಿಲ್ಲ. ತೆರಿಗೆ ಸೇರಿದ ಬೆಲೆಯನ್ನು ಮೊದಲೇ ನಿಗದಿ ಮಾಡಿರಬೇಕು, ಇಲ್ಲವೇ ಕೊನೆಯಲ್ಲಿ ಚಿಲ್ಲರೆ ಬಿಟ್ಟು ಸರಿ ಮಾಡಿರಬೇಕು.

ಚಿಲ್ಲರೆ ಬಿಡುವುದು ಎಂದಾಗ ಇನ್ನೊಂದು ಮಿತಿ ಎದುರಾಗುತ್ತದೆ. ಒಟ್ಟು ಮೊತ್ತವನ್ನು ಹತ್ತಿರದ ಪೂರ್ಣಾಂಕಕ್ಕೆ ತಂದು 1,500 ಎಂದು ಬರೆದಿದ್ದರೆ, ನಿಜವಾದ ಮೊತ್ತ 1,499.50ರಿಂದ 1,500.49ರವರೆಗೆ ಯಾವುದೂ ಆಗಿರಬಹುದು. ಮೂಲ ಬೆಲೆ 1,270.76 ಮತ್ತು 1,271.60ರ ನಡುವೆ ಎಲ್ಲೋ ಇದೆ. 1,271.19 ಎಂದು ಎರಡು ದಶಮಾಂಶ ಬರೆದು ನಿಖರತೆಯ ವೇಷ ಹಾಕುವುದಕ್ಕಿಂತ "ಸುಮಾರು 1,271" ಎನ್ನುವುದೇ ಪ್ರಾಮಾಣಿಕ. ಬಿಲ್ಲಿನಲ್ಲಿ ರೌಂಡ್ ಆಫ್ ಎಂಬ ಸಾಲಿದ್ದರೆ ಅದೃಷ್ಟ. ಅಲ್ಲಿ ಕೂಡಿಸಿದ್ದನ್ನು ಕಳೆದು, ಕಳೆದದ್ದನ್ನು ಕೂಡಿಸಿ, ಆಮೇಲೆ ಭಾಗಿಸಿ.

ಹಲವು ವಸ್ತುಗಳಿದ್ದಾಗಲೂ ಇಂಥದೇ ಸಣ್ಣ ಕಿರಿಕಿರಿ. ತೆರಿಗೆ ಸೇರಿ 10ರಂತೆ ಮೂರು ವಸ್ತು ಇವೆ ಎನ್ನಿ. ಒಂದೊಂದನ್ನೂ ಬಿಡಿಸಿದರೆ 8.47, ಮೂರಕ್ಕೆ 25.41. ಒಟ್ಟು 30ನ್ನು ಒಮ್ಮೆಗೇ ಬಿಡಿಸಿದರೆ 25.42. ಎರಡೂ ತಪ್ಪಲ್ಲ, ಆದರೆ ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬಾರದು.

ಭಾಗಿಸುವ ಮೊದಲು ಬಿಲ್ಲನ್ನು ಓದಿ

ಸೂತ್ರ ಗೊತ್ತಿದ್ದೂ ತಪ್ಪು ಮಾಡುವವರು ಎಡವುವುದು ಇಲ್ಲಿ. 1.18ರಿಂದ ಭಾಗಿಸುವುದು ಸರಿಯಾಗಬೇಕಾದರೆ ಆ ಮೊತ್ತದ ಪ್ರತಿಯೊಂದು ಅಂಶಕ್ಕೂ ಶೇ. 18 ತೆರಿಗೆ ಬಿದ್ದಿರಬೇಕು.

ಒಟ್ಟು 2,560 ಇದೆ, ಅದರಲ್ಲಿ 200 ಮರಳಿ ಸಿಗುವ ಠೇವಣಿ, ಅದಕ್ಕೆ ತೆರಿಗೆ ಇಲ್ಲ ಎಂದುಕೊಳ್ಳಿ. ಮೊದಲು ಠೇವಣಿಯನ್ನು ತೆಗೆಯಬೇಕು: 2,360. ಆಮೇಲೆ ಭಾಗಿಸಿದರೆ ಸರಿಯಾಗಿ 2,000. ಕ್ರಮ ತಿರುಗಿಸಿ, ಮೊದಲು 2,560ನ್ನು ಭಾಗಿಸಿ ಆಮೇಲೆ 200 ಕಳೆದರೆ 1,969.49 ಬರುತ್ತದೆ. ಠೇವಣಿಯ ಒಳಗೂ ತೆರಿಗೆ ಇದೆ ಎಂದು ತಿಳಿದು ಅದರಿಂದಲೂ ಒಂದಿಷ್ಟನ್ನು ಸುಲಿದಂತಾಯಿತು. ತೆರಿಗೆ ಲೆಕ್ಕವಾದ ಮೇಲೆ ಕೊಟ್ಟ ರಿಯಾಯಿತಿ ಇದಕ್ಕೆ ಕನ್ನಡಿಯ ಬಿಂಬ: ಪಾವತಿಯ ಹೊತ್ತಿಗೆ 100 ಬಿಟ್ಟಿದ್ದರೆ, ಮೊದಲು ಆ 100ನ್ನು ಮತ್ತೆ ಕೂಡಿಸಿ, ಆಮೇಲೆ ಭಾಗಿಸಿ. ತೆರಿಗೆ ಹಾಕುವ ಮೊದಲೇ ರಿಯಾಯಿತಿ ಕೊಟ್ಟಿದ್ದರೆ ಅದನ್ನು ಮುಟ್ಟುವುದೇ ಬೇಡ. ಭಾಗಿಸಿದಾಗ ರಿಯಾಯಿತಿ ಕಳೆದ ಬೆಲೆ ತಾನಾಗಿ ಸಿಗುತ್ತದೆ.

ಒಂದಕ್ಕಿಂತ ಹೆಚ್ಚು ತೆರಿಗೆಗಳಿದ್ದಾಗ ಅವು ಅಕ್ಕಪಕ್ಕ ನಿಂತಿವೆಯೋ ಒಂದರ ಮೇಲೊಂದು ಕುಳಿತಿವೆಯೋ ನೋಡಬೇಕು. ಶೇ. 10 ಮತ್ತು ಶೇ. 5, ಎರಡೂ ಮೂಲ ಬೆಲೆಯ ಮೇಲೆಯೇ ಬಿದ್ದಿದ್ದರೆ ದರಗಳನ್ನು ಕೂಡಿ 1.15ರಿಂದ ಭಾಗಿಸಿ. ಎರಡನೆಯ ತೆರಿಗೆ ಮೊದಲನೆಯದನ್ನೂ ಸೇರಿಸಿಕೊಂಡ ಮೊತ್ತದ ಮೇಲೆ ಬಿದ್ದಿದ್ದರೆ 1.10 ಮತ್ತು 1.05ನ್ನು ಗುಣಿಸಬೇಕು: 1.155. ಒಟ್ಟು 1,155 ಇದ್ದಾಗ ಮೊದಲ ರೀತಿಯಲ್ಲಿ 1,004.35, ಎರಡನೆಯ ರೀತಿಯಲ್ಲಿ 1,000. ಶೇಕಡಾ ಅಲ್ಲದ, ಒಂದು ಘಟಕಕ್ಕೆ ಇಂತಿಷ್ಟು ಎಂಬ ತೆರಿಗೆಯೂ ಸೇರಿದ್ದರೆ ಬಟ್ಟೆ ಬಿಚ್ಚುವ ಕ್ರಮವನ್ನು ನೆನೆಯಿರಿ, ಕೊನೆಗೆ ಹಾಕಿಕೊಂಡದ್ದು ಮೊದಲು ಕಳಚಬೇಕು. ಬೆಲೆಗೆ ಮೊದಲು 50 ಸೇರಿಸಿ, ಆ ಮೊತ್ತದ ಮೇಲೆ ಶೇ. 20 ಹಾಕಿ 1,260 ಆಗಿದ್ದರೆ, ಮೊದಲು 1.20ರಿಂದ ಭಾಗಿಸಿ 1,050 ಪಡೆದು, ಆಮೇಲೆ 50 ಕಳೆಯಿರಿ: 1,000.

ಒಂದೇ ಬಿಲ್ಲಿನಲ್ಲಿ ಬೇರೆ ಬೇರೆ ದರದ ವಸ್ತುಗಳಿದ್ದರೆ ಪ್ರತಿ ದರದ ಗುಂಪನ್ನೂ ಪ್ರತ್ಯೇಕವಾಗಿ ಬಿಡಿಸಬೇಕು. ಶೇ. 5ರ ವಸ್ತುಗಳು ತೆರಿಗೆ ಸೇರಿ 1,050, ಶೇ. 18ರವು 118, ಒಟ್ಟು 1,168 ಎನ್ನೋಣ. ಬಿಡಿಸಿದರೆ 1,000 ಮತ್ತು 100, ಕೂಡಿ 1,100. ದರಗಳ ಸರಾಸರಿ ಶೇ. 11.5 ಎಂದು ಹಿಡಿದು 1.115ರಿಂದ ಭಾಗಿಸಿದವರಿಗೆ 1,047.53 ಸಿಗುತ್ತದೆ. ಎರಡೂ ಗುಂಪಿನ ಮೂಲ ಬೆಲೆ ಸಮನಾಗಿದ್ದಾಗ ಮಾತ್ರ ಈ ಸರಾಸರಿ ನಡೆದೀತು.

ಗುಂಪುಗಳ ಮೊತ್ತ ಗೊತ್ತಿಲ್ಲದೆ 1,168 ಎಂಬುದಷ್ಟೇ ಕೈಯಲ್ಲಿದ್ದರೆ? ಆಗ ಒಂದೇ ಉತ್ತರ ಇಲ್ಲ, ಯಾವ ಜಾಣತನವೂ ಅದನ್ನು ಹೊರತರಲಾರದು. ಎಲ್ಲವೂ ಶೇ. 18ರ ವಸ್ತುಗಳು ಎಂದು ಹಿಡಿದರೆ 989.83, ಎಲ್ಲವೂ ಶೇ. 5ರವು ಎಂದರೆ 1,112.38. ಮೂಲ ಬೆಲೆ ಈ ಎರಡು ಬೇಲಿಗಳ ನಡುವೆ ಇದೆ ಎಂದು ಹೇಳಬಹುದು, ಅದಕ್ಕಿಂತ ಮುಂದೆ ಹೋಗಲು ಬಿಲ್ಲಿನಿಂದಲೇ ಇನ್ನೊಂದು ಅಂಕೆ ಬೇಕು. ಒಟ್ಟು ತೆರಿಗೆ ಎಷ್ಟೆಂದು ಎಲ್ಲಾದರೂ ಮುದ್ರಿತವಾಗಿದ್ದರೆ ಅದನ್ನು ಕಳೆದರೆ ಮುಗಿಯಿತು, ಭಾಗಾಕಾರದ ಗೊಡವೆಯೇ ಇಲ್ಲ.

ದರವೇ ಗೊತ್ತಿಲ್ಲದಿದ್ದರೆ

ಬೇರೆ ಬೇರೆ ದರಗಳಿಂದ ಭಾಗಿಸಿ ನೋಡಿ, ಯಾವುದರಿಂದ ಗುಂಡಗಿನ ಅಂಕೆ ಬರುತ್ತದೋ ಅದೇ ದರ ಎಂದು ತೀರ್ಮಾನಿಸುವ ಚಾಳಿ ಹಲವರಲ್ಲಿದೆ. ನನ್ನಲ್ಲೂ ಇತ್ತು. 1,416 ಎಂಬ ಮೊತ್ತ ನನ್ನನ್ನು ಅದರಿಂದ ಬಿಡಿಸಿತು. 1.18ರಿಂದ ಭಾಗಿಸಿದರೆ ಸರಿಯಾಗಿ 1,200, 1.20ರಿಂದ ಭಾಗಿಸಿದರೆ ಸರಿಯಾಗಿ 1,180. ಎರಡೂ ಶುಭ್ರ, ಎರಡೂ ತಾಳೆಯಾಗುತ್ತವೆ, ನಿಜವಾದದ್ದು ಒಂದೇ. ತಾಳೆ ನೋಡುವುದು ಭಾಗಾಕಾರದ ತಪ್ಪನ್ನು ಹಿಡಿಯುತ್ತದೆ, ತಪ್ಪು ದರವನ್ನು ಹಿಡಿಯುವುದಿಲ್ಲ. ನೀವು ಯಾವ ದರ ಕೊಟ್ಟರೂ ಅದರಿಂದ ಭಾಗಿಸಿ ಅದರಿಂದಲೇ ಗುಣಿಸಿದಾಗ ಹೊರಟಲ್ಲಿಗೇ ಬರುತ್ತೀರಿ.

ಹಾಗಾಗಿ ದರ ಲೆಕ್ಕದ ಹೊರಗಿನಿಂದ ಬರಬೇಕು: ಬಿಲ್ಲಿನ ಸಣ್ಣಕ್ಷರದ ಸಾಲಿನಿಂದ, ಮಾರಿದವರಿಂದ, ಇಲ್ಲವೇ ಆ ವಸ್ತುವಿಗೆ ಅನ್ವಯಿಸುವ ಅಧಿಕೃತ ದರಪಟ್ಟಿಯಿಂದ. ದರಪಟ್ಟಿ ನೋಡುವಾಗ ಬಿಲ್ಲಿನ ತಾರೀಖನ್ನು ಪಕ್ಕದಲ್ಲಿಟ್ಟುಕೊಳ್ಳಿ. ದರ ನಡುವೆ ಬದಲಾಗಿದ್ದರೆ ಹಳೆಯ ಬಿಲ್ಲಿಗೆ ಬೇಕಾದದ್ದು ಅಂದು ಜಾರಿಯಲ್ಲಿದ್ದ ದರ, ಇಂದಿನದಲ್ಲ.